ತಪ್ಪು ನಮ್ಮದು, 60 ರೂಪಾಯಿ ನಿಮ್ಮದು

ಊಟ ತಡವಾಗಿ ಬಂದಾಗ ಕಂಪನಿ ಕಳಿಸುವ ನಾಲ್ಕು ಸಾಲಿನ ಹಿಂದೆ ಎಷ್ಟೆಲ್ಲ ಲೆಕ್ಕಾಚಾರ ಇರುತ್ತದೆ?

“ಅಯ್ಯೋ! ಪ್ರಿಯ ಗ್ರಾಹಕರೇ, ನಿಮ್ಮ ಆರ್ಡರ್‌ನಲ್ಲಿ ಉಂಟಾದ ವಿಳಂಬಕ್ಕಾಗಿ ವಿಷಾದಿಸುತ್ತೇವೆ. ದಯವಿಟ್ಟು ನಮ್ಮನ್ನು ಬಿಟ್ಟುಹೋಗಬೇಡಿ! ನಿಮಗಾಗಿಯೇ ವಿಶೇಷ ಕೊಡುಗೆ: ಮುಂದಿನ ಆರ್ಡರ್ ಮೇಲೆ ಶೇ 50 ರಿಯಾಯಿತಿ. 75 ರೂಪಾಯಿವರೆಗೆ, ಕನಿಷ್ಠ 249 ರೂಪಾಯಿ ಆರ್ಡರ್‌ಗೆ. ಇವತ್ತು ರಾತ್ರಿ 12ರವರೆಗೆ ಮಾತ್ರ. ಈಗಲೇ ಆರ್ಡರ್ ಮಾಡಿ!”

ಇದು ಉದಾಹರಣೆಗೆಂದು ನಾನೇ ಹೆಣೆದ ಸಂದೇಶ. ಆದರೆ ಆ್ಯಪ್‌ನಲ್ಲಿ ಊಟ ತರಿಸಿಕೊಳ್ಳುವ ಅಭ್ಯಾಸ ಇರುವವರಿಗೆ ಇದರ ಧಾಟಿ ಹೊಸದೇನಲ್ಲ. ಇದನ್ನು ಬರೆದವರು ಕ್ಷಮೆಯನ್ನೂ ಕೇಳಿದ್ದಾರೆ, ರಿಯಾಯಿತಿಯನ್ನೂ ಕೊಟ್ಟಿದ್ದಾರೆ. ಆದರೂ ಓದಿದವರ ಸಿಟ್ಟು ಇಳಿಯುವುದಿಲ್ಲ, ಇನ್ನೊಂದಿಷ್ಟು ಏರುತ್ತದೆ. ತಣ್ಣಗಾದ ಊಟ ಮುಂದಿಟ್ಟುಕೊಂಡು ಕೂತವರಿಗೆ ಮಧ್ಯರಾತ್ರಿಯೊಳಗೆ ಇನ್ನೊಂದು ಊಟ ಕೊಳ್ಳಿ ಎಂದು ಹೇಳಿದಂತಾಯಿತು.

ತಪ್ಪೊಪ್ಪಿಗೆ ಮತ್ತು ರಿಯಾಯಿತಿ ಎರಡನ್ನೂ ಒಂದೇ ಸಂದೇಶದಲ್ಲಿ ಹೇಳಿಯೂ ಗೋಗರೆದಂತೆ ಕಾಣದಿರುವುದು ಹೇಗೆ ಎನ್ನುವುದು ಇಂಥ ಕಂಪನಿಗಳಲ್ಲಿ ಸಂದೇಶ ಬರೆಯುವವರ ನಿತ್ಯದ ತಲೆನೋವು. ಪದಗಳನ್ನು ಮೃದುಗೊಳಿಸಿದರೆ ಸಾಕು ಎಂದು ಮೊದಲಿಗೆ ಅನ್ನಿಸುತ್ತದೆ. ಆದರೆ ಗೋಗರೆತ ಹುಟ್ಟುವುದು ಬಹುಪಾಲು ರಿಯಾಯಿತಿಗೆ ಅಂಟಿಸಿದ ಷರತ್ತುಗಳಿಂದ. ಈ ಮಾತಿಗೆ ಆಧಾರವಾಗಿ ಎರಡು ದೊಡ್ಡ ಪ್ರಯೋಗಗಳಿವೆ.

ಒಂದು ಕಡೆ ದುಡ್ಡು ಗೆದ್ದಿತು, ಇನ್ನೊಂದು ಕಡೆ ಮಾತು

ಮೊದಲನೆಯದು ಜರ್ಮನಿಯದು. ಯೊಹಾನೆಸ್ ಆಬೆಲರ್ ಮತ್ತು ಅವರ ಸಹೋದ್ಯೋಗಿಗಳು 2010ರಲ್ಲಿ ಪ್ರಕಟಿಸಿದ ಅಧ್ಯಯನ. ಇ-ಬೇ ಜಾಲತಾಣದಲ್ಲಿ ಸರಕು ಮಾರುವ ಒಂದು ದೊಡ್ಡ ಕಂಪನಿಗೆ ಕೆಟ್ಟ ಅಥವಾ ಅರೆಮನಸ್ಸಿನ ರೇಟಿಂಗ್ ಕೊಟ್ಟ ಗ್ರಾಹಕರನ್ನು ಗುಂಪುಗಳಾಗಿ ವಿಂಗಡಿಸಿದರು. ಒಂದು ಗುಂಪಿಗೆ ಬರೀ ಕ್ಷಮೆ ಕೇಳಿದರು, ರೇಟಿಂಗ್ ಹಿಂತೆಗೆದುಕೊಳ್ಳಬಹುದೇ ಎಂದು ವಿನಂತಿಸಿದರು. ಉಳಿದವರಿಗೆ ರೇಟಿಂಗ್ ಹಿಂತೆಗೆದುಕೊಂಡರೆ ಎರಡೂವರೆ ಅಥವಾ 5 ಯೂರೋ ಕೊಡುತ್ತೇವೆ ಎಂದರು. ಕ್ಷಮೆ ಕೇಳಿಸಿಕೊಂಡವರಲ್ಲಿ ಶೇ 45ರಷ್ಟು ಮಂದಿ ರೇಟಿಂಗ್ ತೆಗೆದರು. 5 ಯೂರೋ ಕಂಡವರಲ್ಲಿ ಹಾಗೆ ಮಾಡಿದವರು ಶೇ 23ರಷ್ಟು ಮಾತ್ರ. ಕಾಸು ಖರ್ಚಿಲ್ಲದ ಮಾತು ದುಡ್ಡನ್ನು ಹಿಂದಿಕ್ಕಿತು.

ಎರಡನೆಯದು ಅಮೆರಿಕದ್ದು. ಅರ್ಥಶಾಸ್ತ್ರಜ್ಞ ಜಾನ್ ಲಿಸ್ಟ್ ಆಗ ಊಬರ್ ಕಂಪನಿಯ ಮುಖ್ಯ ಅರ್ಥಶಾಸ್ತ್ರಜ್ಞರೂ ಆಗಿದ್ದರು. 2017ರಲ್ಲಿ ಷಿಕಾಗೊದಲ್ಲಿ ಭಾಷಣಕ್ಕೆಂದು ಅದೇ ಕಂಪನಿಯ ಕಾರು ಹತ್ತಿ, ಕಾಗದಪತ್ರ ನೋಡುತ್ತ ಕೂತರು. ತಲೆ ಎತ್ತಿದಾಗ ಕಾರು ಹೊರಟ ಜಾಗಕ್ಕೇ ವಾಪಸ್ ಬಂದಿತ್ತು. ಆಮೇಲೆ ಕಂಪನಿಯಿಂದ ಒಂದು ಕ್ಷಮೆಯ ಸಾಲೂ ಬರಲಿಲ್ಲ. ಈ ಕಹಿ ಅನುಭವವೇ ದೊಡ್ಡ ಪ್ರಯೋಗವೊಂದಕ್ಕೆ ಬೀಜವಾಯಿತು. ಹೇಳಿದ ಹೊತ್ತಿಗೆ ತಲುಪದೆ ತೊಂದರೆಪಟ್ಟ ಸುಮಾರು 15 ಲಕ್ಷ ಪ್ರಯಾಣಿಕರನ್ನು ಗುಂಪುಗಳಾಗಿ ಮಾಡಿದರು. ಕೆಲವರಿಗೆ ಏನನ್ನೂ ಕಳಿಸಲಿಲ್ಲ. ಕೆಲವರಿಗೆ ಬರೀ ಕ್ಷಮೆ, ಕೆಲವರಿಗೆ 5 ಡಾಲರ್ ಕೂಪನ್, ಕೆಲವರಿಗೆ ಎರಡೂ. ಕ್ಷಮೆಯಲ್ಲೂ ಬಗೆಗಳಿದ್ದವು: ಸುಮ್ಮನೆ ‘ಕ್ಷಮಿಸಿ’ ಎನ್ನುವುದು, ‘ನಮ್ಮ ಅಂದಾಜು ತಪ್ಪಿತು’ ಎಂದು ಒಪ್ಪುವುದು, ‘ಇನ್ನು ಮುಂದೆ ಸರಿಮಾಡುತ್ತೇವೆ’ ಎಂದು ಮಾತು ಕೊಡುವುದು.

ಇಲ್ಲಿ ಫಲಿತಾಂಶ ತಿರುಗುಮುರುಗಾಯಿತು. ತಡವಾದ ಪ್ರಯಾಣದ ನಂತರ ಜನ ಆ ಕಂಪನಿಗೆ ಮಾಡುವ ಖರ್ಚು ಶೇ 5ರಿಂದ 10ರಷ್ಟು ಇಳಿಯುತ್ತಿತ್ತು. ಬರೀ ಮಾತಿನ ಕ್ಷಮೆ ಆ ಇಳಿಕೆಯನ್ನು ತಡೆಯಲು ಹೆಚ್ಚೇನೂ ಮಾಡಲಿಲ್ಲ. ಕೂಪನ್ ಮಾಡಿತು. ‘ಮುಂದೆ ಸರಿಮಾಡುತ್ತೇವೆ’ ಎಂದು ಮಾತು ಕೊಟ್ಟು ಮತ್ತೆ ತಡಮಾಡಿದಾಗ, ಪದೇಪದೇ ಕ್ಷಮೆ ಕೇಳಿದಾಗ, ಏನೂ ಹೇಳದೆ ಸುಮ್ಮನಿದ್ದಿದ್ದರೇ ವಾಸಿ ಎನ್ನುವ ಸ್ಥಿತಿ ಬಂತು.

ಒಂದು ಪ್ರಯೋಗ ಅಳೆದದ್ದು ರೇಟಿಂಗನ್ನು, ಇನ್ನೊಂದು ಅಳೆದದ್ದು ಮುಂದಿನ ಖರ್ಚನ್ನು. ಆದ್ದರಿಂದ ಎರಡನ್ನೂ ನೇರವಾಗಿ ಹೋಲಿಸುವಂತಿಲ್ಲ. ಆದರೂ ದುಡ್ಡು ಕೊಟ್ಟ ರೀತಿಯಲ್ಲಿದ್ದ ಒಂದು ವ್ಯತ್ಯಾಸವನ್ನು ನನ್ನ ಮಟ್ಟಿಗೆ ಕಡೆಗಣಿಸಲಾಗದು. ಜರ್ಮನಿಯಲ್ಲಿ ‘ನೀವು ಇದನ್ನು ಮಾಡಿದರೆ ನಾವು ಅದನ್ನು ಕೊಡುತ್ತೇವೆ’ ಎಂದರು. ಗ್ರಾಹಕನ ಅಭಿಪ್ರಾಯಕ್ಕೆ ಬೆಲೆ ಕಟ್ಟಿದಂತಾಯಿತು, ಅವನು ಮುಖ ತಿರುಗಿಸಿದ. ಅಮೆರಿಕದಲ್ಲಿ ಕೂಪನ್ ಆಗಲೇ ಅವನ ಖಾತೆಯಲ್ಲಿ ಕೂತಿತ್ತು, ಬದಲಿಗೆ ಏನನ್ನೂ ಕೇಳಿರಲಿಲ್ಲ. ತಪ್ಪಿಗೆಂದು ತೆತ್ತ ದುಡ್ಡನ್ನು ಜನ ಒಪ್ಪುತ್ತಾರೆ, ತಮ್ಮನ್ನು ಕೊಳ್ಳಲು ಚಾಚಿದ ದುಡ್ಡನ್ನು ಒಪ್ಪುವುದಿಲ್ಲ. ಮೊದಲಲ್ಲಿ ಕೊಟ್ಟ ಮಾದರಿ ಸಂದೇಶದ ರಿಯಾಯಿತಿ ಈ ಎರಡನೆಯ ಜಾತಿಯದು.

ಮೈಸೂರಿನ ಒಂದು ಮಳೆಯ ರಾತ್ರಿ

ಇದನ್ನು ಒಂದು ಕಲ್ಪಿತ ಪ್ರಸಂಗದಲ್ಲಿ ಇಟ್ಟು ನೋಡೋಣ. ಮೈಸೂರಿನ ಕುವೆಂಪುನಗರ, ಜುಲೈ ತಿಂಗಳ ಶುಕ್ರವಾರ, ಜೋರು ಮಳೆ. ಒಂದು ಮನೆಯವರು ರಾತ್ರಿ 8.05ಕ್ಕೆ ಅಕ್ಕಿರೊಟ್ಟಿ, ಎಣ್ಣೆಗಾಯಿ, ಬಿಸಿಬೇಳೆಬಾತ್ ಆರ್ಡರ್ ಮಾಡುತ್ತಾರೆ. ತಿಂಡಿಯ ಬೆಲೆ 370 ರೂಪಾಯಿ, ಡೆಲಿವರಿ ಶುಲ್ಕ 35, ಆ್ಯಪ್‌ನ ಶುಲ್ಕ ಮತ್ತು ತೆರಿಗೆ 25, ಒಟ್ಟು 430. ‘35 ನಿಮಿಷದಲ್ಲಿ’ ಎಂದು ಪರದೆ ಹೇಳುತ್ತದೆ. ಅಂದರೆ 8.40ಕ್ಕೆ ಬರಬೇಕು. ಬರುವುದು 9.25ಕ್ಕೆ.

ಈ 45 ನಿಮಿಷ ಎಲ್ಲಿ ಹೋಯಿತು ಎನ್ನುವುದು ಗ್ರಾಹಕರಿಗೆ ಕಾಣದಿದ್ದರೂ ಕಂಪನಿಗೆ ಕಾಣುತ್ತದೆ. ಹೋಟೆಲಿನವರು ಆರ್ಡರ್ ಒಪ್ಪಿಕೊಂಡದ್ದು, ಪೊಟ್ಟಣ ಸಿದ್ಧವೆಂದು ಗುಂಡಿ ಒತ್ತಿದ್ದು, ಒಯ್ಯುವವರು ಗೊತ್ತಾದದ್ದು, ಅವರು ಹೋಟೆಲ್ ಮುಟ್ಟಿದ್ದು, ಊಟ ಎತ್ತಿಕೊಂಡದ್ದು, ಮನೆ ತಲುಪಿದ್ದು, ಹೀಗೆ ಒಂದೊಂದು ಹಂತದ ಹೊತ್ತೂ ದಾಖಲಾಗುತ್ತದೆ. ನಮ್ಮ ಪ್ರಸಂಗದಲ್ಲಿ ಹೋಟೆಲಿನವರು 8.25ಕ್ಕೇ ಊಟ ಕಟ್ಟಿಟ್ಟಿದ್ದರು. ಮಳೆಗೆ ರಸ್ತೆಯಲ್ಲಿ ಸವಾರರು ಕಡಿಮೆ. ಒಬ್ಬರು ಸಿಕ್ಕಿದ್ದೇ 8.35ಕ್ಕೆ. ಅವರು ನೆನೆಯುತ್ತ ಹೋಟೆಲಿಗೆ ಬಂದಾಗ 8.50. ಅದೇ ಹೋಟೆಲಿನ ಇನ್ನೊಂದು ಆರ್ಡರನ್ನೂ ಆ್ಯಪ್ ಅವರ ಕೈಗೇ ಹಚ್ಚಿದ್ದರಿಂದ ಹೊರಟಿದ್ದು 8.55ಕ್ಕೆ. ಮೊದಲು ಆ ಇನ್ನೊಂದನ್ನು ಕೊಟ್ಟು ಇಲ್ಲಿಗೆ ಬಂದದ್ದು 9.25ಕ್ಕೆ.

ಈ ದಾಖಲೆ ನೋಡಿದ ಮೇಲೆ ತಪ್ಪು ಯಾರದು ಎನ್ನುವುದರಲ್ಲಿ ಗೊಂದಲವಿಲ್ಲ. ಅಡುಗೆಯವರದಲ್ಲ, ಸವಾರರದೂ ಅಲ್ಲ. ಮಳೆ ಬೀಳುತ್ತಿದೆಯೆಂದು ಗೊತ್ತಿದ್ದೂ 35 ನಿಮಿಷ ಎಂದು ಹೇಳಿದ್ದು ಕಂಪನಿ, ಎರಡು ಆರ್ಡರ್ ಒಟ್ಟಿಗೆ ಕಟ್ಟಿದ್ದೂ ಕಂಪನಿ. ಅದನ್ನು ಹೇಳಬೇಕಾದ ಜಾಗದಲ್ಲಿ ‘ಮಳೆಯ ಕಾರಣ ವಿಳಂಬವಾಗಿದೆ’ ಎಂದು ಬರೆದರೆ ವಾಕ್ಯದಲ್ಲಿ ತಪ್ಪು ಮಾಡಿದವರೇ ಕಾಣೆಯಾಗುತ್ತಾರೆ.

ಕ್ಷಮೆಯಲ್ಲಿ ಯಾವ ಭಾಗ ಹೆಚ್ಚು ಕೆಲಸ ಮಾಡುತ್ತದೆ ಎಂದು ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ರಾಯ್ ಲೆವಿಕಿ ಮತ್ತು ಅವರ ಜೊತೆಗಾರರು 2016ರಲ್ಲಿ 755 ಜನರನ್ನು ಇಟ್ಟುಕೊಂಡು ಪರೀಕ್ಷಿಸಿದ್ದರು. ಅವರು ಕ್ಷಮೆಯನ್ನು ಆರು ಭಾಗ ಮಾಡಿದರು: ವಿಷಾದ ಹೇಳುವುದು, ಏನಾಯಿತೆಂದು ವಿವರಿಸುವುದು, ಹೊಣೆ ಹೊರುವುದು, ಮತ್ತೆ ಹೀಗಾಗದೆಂದು ಪಶ್ಚಾತ್ತಾಪ ತೋರುವುದು, ಆದ ನಷ್ಟ ತುಂಬಿಕೊಡುವುದು, ಮನ್ನಿಸಿ ಎಂದು ಬೇಡುವುದು. ಎಲ್ಲಕ್ಕಿಂತ ಮುಖ್ಯವಾಗಿ ಕಂಡದ್ದು ಹೊಣೆ ಹೊರುವುದು, ಅದರ ನಂತರ ನಷ್ಟ ತುಂಬಿಕೊಡುವುದು. ಎಲ್ಲಕ್ಕಿಂತ ಕಡಿಮೆ ತೂಕದ್ದು ಮನ್ನಿಸಿ ಎಂದು ಬೇಡುವುದು. ಮಾದರಿ ಸಂದೇಶ ಈ ಕೊನೆಯದನ್ನೇ ಕೂಗಿ ಹೇಳಿದೆ, ಮೊದಲನೆಯದನ್ನು ಬಿಟ್ಟುಬಿಟ್ಟಿದೆ.

ಊಟಕ್ಕಿಂತ ಮುಂಚೆ ಬರಬೇಕಾದ ಸಂದೇಶ

ನಮ್ಮ ಪ್ರಸಂಗದಲ್ಲಿ 8.30ರ ಹೊತ್ತಿಗೇ ಕಂಪನಿಗೆ ವಿಷಯ ಗೊತ್ತಾಗಿದೆ. ಊಟ ಸಿದ್ಧವಿದೆ, ಒಯ್ಯುವವರಿಲ್ಲ. ಆಗ ಹೋಗಬೇಕಾದ ಸಂದೇಶ ಇಷ್ಟೇ:

“ನಿಮ್ಮ ಊಟ ಹೋಟೆಲಿನಲ್ಲಿ ಸಿದ್ಧವಾಗಿದೆ, ಒಯ್ಯುವವರು ಇನ್ನೂ ಸಿಕ್ಕಿಲ್ಲ. 8.40ಕ್ಕೆ ತಲುಪಿಸಲು ಆಗುವುದಿಲ್ಲ. 9.15ರಿಂದ 9.30ರ ಒಳಗೆ ಬರಬಹುದು. ಕಾಯಲು ಆಗದಿದ್ದರೆ ಈಗ ರದ್ದು ಮಾಡಿ, ಪೂರ್ತಿ ಹಣ ವಾಪಸ್.”

ಇದರಲ್ಲಿ ರಿಯಾಯಿತಿಯ ಸೊಲ್ಲಿಲ್ಲ, ಇರಲೂಬಾರದು. ಹಸಿದವರಿಗೆ ಆ ಕ್ಷಣ ಬೇಕಾದದ್ದು ಎರಡೇ: ನಿಜವಾದ ಹೊತ್ತು, ಬೇರೆ ದಾರಿ ಹಿಡಿಯುವ ಸ್ವಾತಂತ್ರ್ಯ. ಮನೆಯಲ್ಲಿ ಮಗುವಿದ್ದರೆ ಉಪ್ಪಿಟ್ಟು ಕೆದಕಿಕೊಂಡಾರು, ಇಲ್ಲವೇ ಕಾಯುತ್ತೇವೆ ಎಂದಾರು. ಕಾಯುತ್ತೇವೆ ಎಂದು ತಾವೇ ತೀರ್ಮಾನಿಸಿದವರ ಸಿಟ್ಟು ಅರ್ಧ ಇಳಿದಿರುತ್ತದೆ. ಹೊಸ ಸಮಯವನ್ನು ಒಂದೇ ನಿಮಿಷಕ್ಕೆ ಗುರಿಯಿಟ್ಟು ಹೇಳದೆ ಕಾಲು ಗಂಟೆಯ ಅಂತರ ಬಿಟ್ಟು ಹೇಳುವುದಕ್ಕೂ ಕಾರಣವಿದೆ. ಎರಡನೆಯ ಸಲ ಕೊಟ್ಟ ಮಾತೂ ತಪ್ಪಿದರೆ ಆಮೇಲೆ ಕಳಿಸುವ ಯಾವ ಕ್ಷಮೆಗೂ ಬೆಲೆ ಉಳಿಯುವುದಿಲ್ಲ.

ಬಹಳಷ್ಟು ಕಡೆ ತಪ್ಪಾಗುವುದು ಇಲ್ಲೇ. ಪರದೆಯ ಮೇಲೆ ‘ಇನ್ನು 5 ನಿಮಿಷ’ ಎಂಬುದು ಅರ್ಧ ಗಂಟೆ ಹಾಗೆಯೇ ನಿಂತಿರುತ್ತದೆ. ಆಮೇಲೆ ರಿಯಾಯಿತಿ ಬರುತ್ತದೆ. ಅಷ್ಟು ಹೊತ್ತೂ ತಮಗೆ ಸುಳ್ಳು ಹೇಳಿದರೆಂದು ಗ್ರಾಹಕರಿಗೆ ಅನ್ನಿಸಿರುತ್ತದೆ. ತಡಕ್ಕೆ ಪರಿಹಾರ ಕೊಡಬಹುದು, ಸುಳ್ಳಿಗೆ ಕೊಡುವುದು ಕಷ್ಟ.

ವಾಪಸ್ ಕೊಡುವುದು ಬೇರೆ, ಬಿಟ್ಟುಕೊಡುವುದು ಬೇರೆ

ಈಗ ಊಟ ಬಂದಾಗಿದೆ. ಗ್ರಾಹಕರು ಉಣ್ಣುತ್ತಿದ್ದಾರೆ, ಇಲ್ಲವೇ ಪೊಟ್ಟಣ ಬಿಸಿಮಾಡುತ್ತಿದ್ದಾರೆ. ಸ್ವಲ್ಪ ಹೊತ್ತು ಬಿಟ್ಟು, ಹತ್ತು ಗಂಟೆಯೊಳಗೆ, ಆ್ಯಪ್‌ನಲ್ಲಿ ಈ ಸಂದೇಶ ಕಾಣಿಸಿಕೊಳ್ಳಲಿ:

“8.40ಕ್ಕೆ ತಲುಪಬೇಕಿದ್ದ ನಿಮ್ಮ ಊಟವನ್ನು 9.25ಕ್ಕೆ ತಂದುಕೊಟ್ಟೆವು. ಹೋಟೆಲಿನವರು ಹೊತ್ತಿಗೆ ಸರಿಯಾಗಿ ಮಾಡಿಕೊಟ್ಟಿದ್ದರು. ಒಯ್ಯಲು ಜನ ಹೊಂದಿಸಲು ನಾವು ತಡಮಾಡಿದೆವು, ಇನ್ನೊಂದು ಆರ್ಡರನ್ನೂ ಜೊತೆಗೆ ಸೇರಿಸಿದೆವು. ತಪ್ಪು ನಮ್ಮದು, ಕ್ಷಮಿಸಿ. ಡೆಲಿವರಿ ಶುಲ್ಕ 35 ರೂಪಾಯಿ ವಾಪಸ್ ಮಾಡಿದ್ದೇವೆ, ನೀವು ಪಾವತಿಸಿದ ಖಾತೆಗೇ ಬರುತ್ತದೆ. ನಿಮ್ಮ ಮುಂದಿನ ಆರ್ಡರಿನಲ್ಲಿ 60 ರೂಪಾಯಿ ತಾನಾಗಿ ಕಡಿಮೆಯಾಗುತ್ತದೆ. ಕೋಡ್ ಬೇಡ, ಕನಿಷ್ಠ ಮೊತ್ತವಿಲ್ಲ, 90 ದಿನ ಇರುತ್ತದೆ. ಊಟ ತಿನ್ನುವ ಹಾಗೆ ಇರಲಿಲ್ಲವೆಂದರೆ ಇದಕ್ಕೇ ಉತ್ತರಿಸಿ, ನೋಡಿಕೊಳ್ಳುತ್ತೇವೆ.”

ಇಲ್ಲಿ ದುಡ್ಡು ಎರಡು ತುಂಡಾಗಿದೆ, ಎರಡಕ್ಕೂ ಬೇರೆ ಬೇರೆ ಕೆಲಸ. 35 ರೂಪಾಯಿ ನಡೆದುಹೋದದ್ದಕ್ಕೆ ಸೇರಿದ್ದು. ಹೊತ್ತಿಗೆ ತಲುಪಿಸುತ್ತೇವೆಂದು ತೆಗೆದುಕೊಂಡ ಶುಲ್ಕ ಅದು. ತಲುಪಿಸಲಿಲ್ಲ, ಆದ್ದರಿಂದ ವಾಪಸ್. ಗ್ರಾಹಕರು ಈ ಆ್ಯಪನ್ನು ಇನ್ನೆಂದೂ ಮುಟ್ಟದಿದ್ದರೂ ಆ ಹಣ ಅವರದು. 60 ರೂಪಾಯಿ ಮುಂದಿನದಕ್ಕೆ ಸೇರಿದ್ದು. ಅವರು ಮತ್ತೆ ಬಂದರಷ್ಟೇ ಅದಕ್ಕೆ ಅರ್ಥ. ಬರೀ 60 ರೂಪಾಯಿಯ ರಿಯಾಯಿತಿ ಕೊಟ್ಟು ಸುಮ್ಮನಾದರೆ, ತಪ್ಪಿನ ಪರಿಹಾರ ಪಡೆಯಬೇಕಾದರೂ ಗ್ರಾಹಕರು ಮತ್ತೆ ಕೊಳ್ಳಲೇಬೇಕು ಎಂದಂತಾಗುತ್ತದೆ. ಮೊದಲು ಸಾಲ ತೀರಿಸಿ ಆಮೇಲೆ ಕೊಟ್ಟದ್ದರಿಂದಲೇ ಈ ರಿಯಾಯಿತಿಯಲ್ಲಿ ಗೋಗರೆತ ಕಾಣುವುದಿಲ್ಲ.

ಮೊತ್ತವೂ ಯೋಚಿಸಿ ಇಟ್ಟದ್ದು. 430 ರೂಪಾಯಿಯ ಬಿಲ್ಲಿಗೆ 10 ರೂಪಾಯಿ ಕೊಟ್ಟರೆ ಅದು ಅವಮಾನ, 300 ಕೊಟ್ಟರೆ ಗಾಬರಿ. ಕಂಪನಿ ಇಷ್ಟೊಂದು ಹೆದರಿದೆಯೆಂದರೆ ಏನೋ ಮುಚ್ಚಿಡುತ್ತಿದೆ ಎಂದೂ ಜನಕ್ಕೆ ಅನ್ನಿಸಬಹುದು. ವಾಪಸ್ ಬಂದದ್ದು, ರಿಯಾಯಿತಿ ಎರಡೂ ಸೇರಿ 95 ರೂಪಾಯಿ, ಬಿಲ್ಲಿನ ಕಾಲುಭಾಗಕ್ಕಿಂತ ತುಸು ಕಡಿಮೆ. ತಡದ ತೂಕಕ್ಕೆ ಇದು ಹೊಂದುತ್ತದೆ. ಹತ್ತು ನಿಮಿಷ ತಡವಾಗಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ, ಒಂದು ಸಾಲಿನ ಕ್ಷಮೆ ಸಾಕಾಗುತ್ತಿತ್ತು. ಊಟವೇ ಹಳಸಿದ್ದರೆ ರಿಯಾಯಿತಿಯ ಮಾತೆತ್ತದೆ 430 ರೂಪಾಯಿಯನ್ನೂ ಮರಳಿಸಬೇಕು.

ಶೇಕಡಾವಾರು ಹೇಳದೆ ರೂಪಾಯಿಯಲ್ಲೇ ಹೇಳಿದ್ದಕ್ಕೂ ಕಾರಣವಿದೆ. ‘ಶೇ 50, ಆದರೆ 75 ರೂಪಾಯಿವರೆಗೆ, ಕನಿಷ್ಠ 249ಕ್ಕೆ’ ಎಂದಾಗ ಗ್ರಾಹಕರು ಲೆಕ್ಕಕ್ಕೆ ಕೂರುತ್ತಾರೆ. 249 ರೂಪಾಯಿಗೆ ಅರ್ಧವೆಂದರೆ 124 ಆಗಬೇಕು, ಸಿಗುವುದು 75. ಅಂದರೆ ಕನಿಷ್ಠ ಮೊತ್ತದ ಆರ್ಡರಿಗೇ ಅದು ಶೇ 30. ಆರ್ಡರ್ 500 ರೂಪಾಯಿ ಆದರೆ ಶೇ 15. ದೊಡ್ಡದಾಗಿ ಕೂಗಿದ ‘ಶೇ 50’ ಎಲ್ಲಿಯೂ ಕೈಗೆ ಸಿಗುವುದಿಲ್ಲ. ಮಾರಾಟದ ಜಾಹೀರಾತಿನಲ್ಲಿ ಜನ ಇದನ್ನು ಸಹಿಸಿಕೊಂಡಿದ್ದಾರೆ, ಕ್ಷಮೆಯ ಪತ್ರದಲ್ಲಿ ಸಹಿಸುವುದಿಲ್ಲ.

‘ಇವತ್ತು ರಾತ್ರಿ 12ರವರೆಗೆ ಮಾತ್ರ’ ಎನ್ನುವುದರ ಕಥೆ ಇನ್ನೂ ಗಂಭೀರ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿ, ಆನ್‌ಲೈನ್ ವ್ಯಾಪಾರದಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಹೆಸರಿಸಿ ನಿಷೇಧಿಸಿದೆ. ಇಲ್ಲದ ಅವಸರವನ್ನು ಸೃಷ್ಟಿಸುವುದು ಅವುಗಳಲ್ಲಿ ಒಂದು. ‘12ರವರೆಗೆ ಮಾತ್ರ’ ಎಂದ ಕೊಡುಗೆ ನಾಳೆಯೂ ನಾಡಿದ್ದೂ ಬರುವುದಾದರೆ ಅದು ಸುಳ್ಳು ಅವಸರವೇ.

ಯಾವ ದಾರಿಯಲ್ಲಿ ಕಳಿಸುವುದು

ಮೇಲಿನ ಸಂದೇಶವನ್ನು ಆ್ಯಪ್‌ನಲ್ಲಿ ತೋರಿಸಲು ಅಡ್ಡಿಯಿಲ್ಲ. ಅದನ್ನೇ ಎಸ್‌ಎಂಎಸ್ ಮಾಡಹೊರಟರೆ ಟ್ರಾಯ್ ನಿಯಮಗಳು ಎದುರಾಗುತ್ತವೆ. 2018ರ ನಿಯಮಾವಳಿಯ ಪ್ರಕಾರ ಕಂಪನಿಗಳು ಎಸ್‌ಎಂಎಸ್ ಮಾದರಿಯನ್ನು ಮೊದಲೇ ನೋಂದಾಯಿಸಬೇಕು, ಅದು ಯಾವ ವರ್ಗದ್ದೆಂದೂ ಹೇಳಬೇಕು. ‘ನಿಮ್ಮ ಆರ್ಡರ್ ತಡವಾಗಿದೆ, 35 ರೂಪಾಯಿ ವಾಪಸ್ ಆಗಿದೆ’ ಎನ್ನುವುದು ಸೇವಾ ಸಂದೇಶ. ಅದಕ್ಕೆ ‘ಮುಂದಿನ ಆರ್ಡರಿಗೆ 60 ರೂಪಾಯಿ ರಿಯಾಯಿತಿ’ ಸೇರಿಸಿದೊಡನೆ ಅದು ಪ್ರಚಾರದ ಸಂದೇಶ. ಪ್ರಚಾರದ ಎಸ್‌ಎಂಎಸ್ ರಾತ್ರಿ 9ರ ನಂತರ ಹೋಗುವುದಿಲ್ಲ, ಅಂಥ ಸಂದೇಶ ಬೇಡವೆಂದು ಡಿಎನ್‌ಡಿ ಹಾಕಿಕೊಂಡವರಿಗೂ ಹೋಗುವುದಿಲ್ಲ. 9.25ಕ್ಕೆ ಊಟ ಪಡೆದವರಿಗೆ ಕ್ಷಮೆ ತಲುಪುವುದು ಮರುದಿನ ಬೆಳಿಗ್ಗೆ, ಇಲ್ಲವೇ ತಲುಪುವುದೇ ಇಲ್ಲ. ವಾಟ್ಸ್ಆ್ಯಪ್‌ನಲ್ಲೂ ಕಂಪನಿಗಳ ಸಂದೇಶಗಳಿಗೆ ಇಂಥದೇ ವಿಂಗಡಣೆಯಿದೆ: ಸೇವೆಯ ಮಾಹಿತಿಗೆ ಮಾರಾಟದ ಮಾತು ಬೆರೆತರೆ ಇಡೀ ಸಂದೇಶ ಮಾರಾಟದ ಲೆಕ್ಕಕ್ಕೆ ಹೋಗುತ್ತದೆ.

ಈ ವ್ಯತ್ಯಾಸವನ್ನು ನಿಮ್ಮ ಫೋನಿನಲ್ಲೇ ನೋಡಬಹುದು. 2025ರ ತಿದ್ದುಪಡಿಯ ನಂತರ ಕಂಪನಿಗಳ ಎಸ್‌ಎಂಎಸ್ ಕಳಿಸಿದವರ ಹೆಸರಿನ ಕೊನೆಗೆ ಒಂದು ಅಕ್ಷರ ಇರುತ್ತದೆ. `-S` ಇದ್ದರೆ ಸೇವೆ, `-P` ಇದ್ದರೆ ಪ್ರಚಾರ. ಕ್ಷಮೆ ಕೇಳುವ ಸಂದೇಶವೊಂದು `-P` ಹೊತ್ತು ಬಂದರೆ, ಅದನ್ನು ಜಾಹೀರಾತಿನ ಸಾಲಿನಲ್ಲಿ ನಿಲ್ಲಿಸಿದ್ದು ಕಂಪನಿಯೇ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಇಕ್ಕಟ್ಟಿದೆ. ಇಂಗ್ಲಿಷಿನ ಒಂದು ಎಸ್‌ಎಂಎಸ್‌ನಲ್ಲಿ 160 ಅಕ್ಷರ ಹಿಡಿಸಿದರೆ, ಕನ್ನಡ ಲಿಪಿಯಲ್ಲಿ ಹಿಡಿಸುವುದು 70. ಅದರಲ್ಲೂ ಒತ್ತಕ್ಷರ, ಗುಣಿತದ ಚಿಹ್ನೆ ಎಲ್ಲವನ್ನೂ ಫೋನು ಬಿಡಿಬಿಡಿಯಾಗಿ ಎಣಿಸುತ್ತದೆ. ‘ಕ್ಷಮಿಸಿ’ ಎನ್ನುವುದು ನಮ್ಮ ಕಣ್ಣಿಗೆ ಮೂರು ಅಕ್ಷರ, ಫೋನಿನ ಲೆಕ್ಕದಲ್ಲಿ ಏಳು. 70 ದಾಟಿದರೆ ಎರಡು ಎಸ್‌ಎಂಎಸ್‌ನ ದರ ತೆರಬೇಕು. ಹೀಗಾಗಿ ಬಲ್ಲವರು ಎಸ್‌ಎಂಎಸ್‌ನಲ್ಲಿ ‘ತಡವಾಯಿತು, ತಪ್ಪು ನಮ್ಮದು. ₹35 ವಾಪಸ್ ಮಾಡಿದ್ದೇವೆ’ ಎಂದಷ್ಟೇ ಹೇಳಿ ಮುಗಿಸುತ್ತಾರೆ. ರಿಯಾಯಿತಿಯನ್ನು ಸದ್ದಿಲ್ಲದೆ ಖಾತೆಗೆ ಹಾಕಿ, ವಿವರವನ್ನು ಆ್ಯಪ್‌ನ ಸಂದೇಶಕ್ಕೆ ಬಿಡುತ್ತಾರೆ. ನಿಯಮದ ಒತ್ತಡ, ಜಾಗದ ಅಭಾವ ಎರಡೂ ಸೇರಿ ಕ್ಷಮೆಯನ್ನೂ ಮಾರಾಟವನ್ನೂ ಬೇರೆಯಾಗಿಸಿದರೆ ಓದುವವರಿಗೆ ಒಳ್ಳೆಯದೇ ಆಯಿತು.

ಸವಾರರ ಹೆಗಲಿಗೆ ಹಾಕಬಾರದ ಹೊರೆ

ಪರಿಹಾರವನ್ನು ಗಡಿಯಾರಕ್ಕೆ ಕಟ್ಟಿದರೆ ಸಂದೇಶ ಬರೆಯುವ ಗೋಜೇ ಇರುವುದಿಲ್ಲ ಎಂದು ಯೋಚಿಸಿದವರೂ ಇದ್ದಾರೆ. ಅಮೆರಿಕದಲ್ಲಿ ಡಾಮಿನೋಸ್ ಪಿಜ್ಜಾ ಕಂಪನಿ 30 ನಿಮಿಷದಲ್ಲಿ ತಲುಪದಿದ್ದರೆ ಪಿಜ್ಜಾ ಪುಕ್ಕಟೆ ಎಂದು ಹೇಳಿ ಹೆಸರು ಮಾಡಿತು. ಆಮೇಲೆ ಅದನ್ನು ಮೂರು ಡಾಲರ್ ಕಡಿತಕ್ಕೆ ಇಳಿಸಿತು. 1993ರಲ್ಲಿ, ಪಿಜ್ಜಾ ಒಯ್ಯುತ್ತಿದ್ದ ವಾಹನ ಗುದ್ದಿ ಗಾಯಗೊಂಡ ಮಹಿಳೆಗೆ 7 ಕೋಟಿ 80 ಲಕ್ಷ ಡಾಲರ್‌ಗೂ ಹೆಚ್ಚು ಪರಿಹಾರ ಕೊಡಬೇಕೆಂದು ಸೇಂಟ್ ಲೂಯಿಸ್ ನಗರದ ನ್ಯಾಯಾಲಯದ ಜ್ಯೂರಿ ಹೇಳಿದ ಮೇಲೆ ಕಂಪನಿ ಅಲ್ಲಿ ಈ ಭರವಸೆಯನ್ನೇ ಕೈಬಿಟ್ಟಿತು. ನಿಮಿಷಕ್ಕೆ ಹೆದರಿ ಓಡುವವರು ರಸ್ತೆಯಲ್ಲಿರುವ ಸವಾರರು.

ಇದೇ ಕಾರಣಕ್ಕೆ ‘ನಮ್ಮ ಡೆಲಿವರಿ ಪಾಲುದಾರರು ತಡಮಾಡಿದರು’ ಎಂಬ ಸಾಲು ಕ್ಷಮೆಯ ಸಂದೇಶದಲ್ಲಿ ಇರಬಾರದು. ಅದನ್ನು ಓದಿದವರು ಸವಾರರ ರೇಟಿಂಗ್ ಇಳಿಸುತ್ತಾರೆ. ನಮ್ಮ ಪ್ರಸಂಗದಲ್ಲಿ ಮಳೆಯಲ್ಲಿ ಎರಡು ಮನೆಗೆ ಊಟ ಮುಟ್ಟಿಸಿದವರು ಆ ಸವಾರರು. ತಪ್ಪು ದಾಖಲೆಯಲ್ಲಿ ಬೇರೆಯವರ ಹೆಸರಿನಲ್ಲಿರುವಾಗ ದಂಡ ಅವರಿಗೆ ಬೀಳಬಾರದು.

ಕೆಲಸ ಮಾಡಿತೇ ಎಂದು ತಿಳಿಯುವುದು ಹೇಗೆ

ಸಂದೇಶ ಕಳಿಸಿದ ಮೇಲೆ ಕಂಪನಿಯ ಸಭೆಯಲ್ಲಿ ಸಾಮಾನ್ಯವಾಗಿ ಒಂದು ಅಂಕಿ ಹೊಳೆಯುತ್ತದೆ: ರಿಯಾಯಿತಿಯನ್ನು ಎಷ್ಟು ಜನ ಬಳಸಿದರು ಎನ್ನುವುದು. ಹೆಚ್ಚು ಜನ ಬಳಸಿದರೆ ಸಂದೇಶ ಗೆದ್ದಿತು ಎನ್ನುತ್ತಾರೆ. ಇದು ದಾರಿ ತಪ್ಪಿಸುವ ಅಂಕಿ. ವಾರಕ್ಕೆ ಎರಡು ಸಲ ತರಿಸಿಕೊಳ್ಳುವವರು ಹೇಗೂ ಬರುವವರೇ. ಬಂದಾಗ 60 ರೂಪಾಯಿ ಉಳಿಸಿಕೊಂಡರು, ಅಷ್ಟೇ. ಅವರನ್ನು ಕರೆತಂದದ್ದು ರಿಯಾಯಿತಿಯೆಂದು ಹೇಳಲು ಬರುವುದಿಲ್ಲ.

ಸರಿಯಾದ ದಾರಿ ಊಬರ್ ಪ್ರಯೋಗದಲ್ಲಿ ಇದ್ದದ್ದೇ: ತಡವಾದವರಲ್ಲಿ ಒಂದು ಸಣ್ಣ ಗುಂಪನ್ನು ಚೀಟಿ ಎತ್ತಿದ ಹಾಗೆ ಆಯ್ದು ಅವರಿಗೆ ರಿಯಾಯಿತಿಯ ಸಂದೇಶ ಕಳಿಸದೆ ಬಿಡುವುದು. ಎರಡು ಮೂರು ತಿಂಗಳು ಬಿಟ್ಟು, ಸಂದೇಶ ಪಡೆದವರ ಮತ್ತು ಪಡೆಯದವರ ಆರ್ಡರುಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು. ಅವುಗಳ ನಡುವಿನ ವ್ಯತ್ಯಾಸ ಮಾತ್ರ ಸಂದೇಶದ ಗಳಿಕೆ. ಅದರಲ್ಲಿ ಕೊಟ್ಟ 60 ರೂಪಾಯಿಗಳ ಮೊತ್ತವನ್ನು ಕಳೆದರೆ ನಿಜವಾದ ಲಾಭನಷ್ಟ ತಿಳಿಯುತ್ತದೆ. ಡೆಲಿವರಿ ಶುಲ್ಕವನ್ನು ಮಾತ್ರ ಎರಡೂ ಗುಂಪಿಗೆ ಮರಳಿಸಬೇಕು, ಸಾಲ ತೀರಿಸುವುದರಲ್ಲಿ ಪ್ರಯೋಗ ನಡೆಸುವಂತಿಲ್ಲ.

ಅದೇ ಮನೆಗೆ ಎರಡನೆಯ ಸಲ ತಡವಾದರೆ ಅದೇ ಸಂದೇಶವನ್ನು ಮತ್ತೆ ಕಳಿಸಬಾರದು. ಪದೇಪದೇ ಕೇಳಿದ ಕ್ಷಮೆ ತಿರುಗಿಬೀಳುತ್ತದೆ ಎಂದು 15 ಲಕ್ಷ ಜನರ ಪ್ರಯೋಗವೇ ತೋರಿಸಿದೆ. ಎರಡನೆಯ ಸಲ ಮಾತು ಕಡಿಮೆ ಇರಲಿ, ಕ್ರಿಯೆ ಹೆಚ್ಚಿರಲಿ: “ತಿಂಗಳಲ್ಲಿ ಎರಡನೆಯ ಸಲ ತಡಮಾಡಿದ್ದೇವೆ. ಶುಲ್ಕ, ಊಟದ ಅರ್ಧ ಬೆಲೆ ಎರಡೂ ವಾಪಸ್ ಆಗಿದೆ. ನಿಮ್ಮ ಬಡಾವಣೆಯಲ್ಲಿ ಮಳೆ ಬಂದ ರಾತ್ರಿಗಳಲ್ಲಿ ಇನ್ನು 55 ನಿಮಿಷ ಎಂದೇ ತೋರಿಸುತ್ತೇವೆ.” ಇಲ್ಲಿ ಮುಂದಿನ ಆರ್ಡರಿನ ಪ್ರಸ್ತಾಪವೇ ಇಲ್ಲ. ‘ಸುಧಾರಿಸುತ್ತೇವೆ’ ಎಂಬ ಬರಿಮಾತೂ ಇಲ್ಲ. ಬದಲಿಗೆ ಆಗಲೇ ಮಾಡಿದ ಒಂದು ಬದಲಾವಣೆಯಿದೆ, ಗ್ರಾಹಕರು ಮುಂದಿನ ಮಳೆಗೆ ಪರದೆ ತೆರೆದು ತಾವೇ ಪರೀಕ್ಷಿಸಬಹುದು.

ಸಂದೇಶ ಪಡೆಯುವ ನಮಗೂ ಇದರಿಂದ ಒಂದು ಅಳತೆಗೋಲು ಸಿಗುತ್ತದೆ. ಎಷ್ಟು ತಡವಾಯಿತೆಂದು ಅದರಲ್ಲಿ ಹೇಳಿದೆಯೇ? ತಪ್ಪು ಯಾರದೆಂದು ಹೇಳಿದೆಯೇ? ನಾವು ಮತ್ತೆ ಏನನ್ನೂ ಕೊಳ್ಳದಿದ್ದರೂ ನಮಗೆ ಸಿಗುವುದೇನಾದರೂ ಇದೆಯೇ? ಮೂರಕ್ಕೂ ಇಲ್ಲವೆಂದಾದರೆ ಅದು ಕ್ಷಮೆಯ ವೇಷದ ಜಾಹೀರಾತು. ರಿಯಾಯಿತಿ ಬಂದಿತೆಂದು ದೂರು ಕೊಡುವ ಹಕ್ಕೇನೂ ಹೋಗುವುದಿಲ್ಲ. ಆ್ಯಪ್‌ನವರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಹಾಗೆ ಕರೆ ಮಾಡುವಾಗ ಆರ್ಡರಿನ ಸಂಖ್ಯೆ, ಆ್ಯಪ್ ಹೇಳಿದ ಹೊತ್ತು, ಊಟ ಬಂದ ಹೊತ್ತು ಮೂರನ್ನೂ ತೋರಿಸುವ ಪರದೆಯ ಚಿತ್ರ ತೆಗೆದಿಟ್ಟುಕೊಂಡಿರುವುದು ಒಳ್ಳೆಯದು.